ಬ್ಯಾಟರಿ ಉಳಿಸುವ ಸಲಹೆಗಳು ಮೀಟರಿನ ಮುಂದೆ: ರಿಪೇರಿ ಅಂಗಡಿಯ ಒಂದು ವಿಡಿಯೊ ಏನನ್ನು ತೋರಿಸುತ್ತದೆ?

ಫೋನಿನ ಬ್ಯಾಟರಿ ಉಳಿಸುವುದು ಹೇಗೆ ಎಂದು ಹೇಳುವ ವಿಡಿಯೊಗಳು ಕನ್ನಡದಲ್ಲಿ ಬೇಕಾದಷ್ಟಿವೆ. ಅವುಗಳಲ್ಲಿ ಹೆಚ್ಚಿನವು ಹತ್ತೋ ಹದಿನೈದೋ ಸಲಹೆಗಳನ್ನು ಒಂದರ ಹಿಂದೆ ಒಂದರಂತೆ ಹೇಳಿ ಮುಗಿಸುತ್ತವೆ. ಯಾವ ಸಲಹೆಯಿಂದ ಎಷ್ಟು ಉಳಿಯುತ್ತದೆ, ಯಾವುದು ಬರೀ ನಂಬಿಕೆ ಎಂಬುದು ನೋಡುವವರಿಗೆ ತಿಳಿಯುವುದಿಲ್ಲ. ಮಲೆನಾಡಿನ ತಾಲ್ಲೂಕು ಕೇಂದ್ರವೊಂದರಲ್ಲಿ ಮೊಬೈಲ್ ರಿಪೇರಿ ಅಂಗಡಿ ನಡೆಸುವವರೊಬ್ಬರು ಮಾಡಿರುವ ವಿಡಿಯೊ ಈ ಕಾರಣಕ್ಕಾಗಿಯೇ ಗಮನಿಸಬೇಕಾದದ್ದು. ಅವರು ಹೇಳುವ ಸಲಹೆಗಳು ನಾಲ್ಕೇ. ಆದರೆ ಪ್ರತಿಯೊಂದು ಸಲಹೆಗೂ ಒಂದು ಪ್ರಯೋಗವಿದೆ. ರಿಪೇರಿ ಮೇಜಿನ ಮೇಲಿರುವ ಮೀಟರ್ ತೋರಿಸುವ ಅಂಕಿಯೇ ಅಲ್ಲಿ ಸಾಕ್ಷಿ. ಆ ಅಂಕಿಗಳ ಅರ್ಥವೇನು, ಅವು ಯಾಕೆ ಹಾಗೆ ಬರುತ್ತವೆ ಮತ್ತು ಅವುಗಳಿಂದ ಎಷ್ಟರ ಮಟ್ಟಿಗೆ ತೀರ್ಮಾನಕ್ಕೆ ಬರಬಹುದು ಎಂಬುದನ್ನು ಈ ಲೇಖನ ವಿವರಿಸುತ್ತದೆ.

## ಮೀಟರಿನ ಅಂಕಿಯನ್ನು ಓದುವುದು ಹೇಗೆ

ಬ್ಯಾಟರಿಯ ಮೇಲೆ 5000 ಎಂಎಎಚ್ ಎಂದು ಬರೆದಿರುತ್ತದೆ. ಎಂಎಎಚ್ ಎಂದರೆ ಮಿಲಿ ಆಂಪಿಯರ್ ಗಂಟೆ. ಮನೆಯ ಮೇಲಿನ ನೀರಿನ ಟ್ಯಾಂಕನ್ನು ನೆನೆದರೆ ಇದು ಸುಲಭವಾಗಿ ಅರ್ಥವಾಗುತ್ತದೆ: ಟ್ಯಾಂಕಿನಲ್ಲಿ ಹಿಡಿಯುವ ನೀರು ಎಂಎಎಚ್, ನಲ್ಲಿಯಿಂದ ಹರಿಯುವ ನೀರಿನ ಪ್ರಮಾಣ ಆಂಪಿಯರ್, ನೀರನ್ನು ತಳ್ಳುವ ಒತ್ತಡ ವೋಲ್ಟ್. ಒಂದು ಆಂಪಿಯರಿನಲ್ಲಿ ಸಾವಿರ ಮಿಲಿ ಆಂಪಿಯರ್ ಇರುತ್ತದೆ. ಫೋನು ಸತತವಾಗಿ 500 ಮಿಲಿ ಆಂಪಿಯರ್ ಎಳೆಯುತ್ತಾ ಹೋದರೆ 5000 ಎಂಎಎಚ್ ಬ್ಯಾಟರಿ ಸುಮಾರು ಹತ್ತು ಗಂಟೆಯಲ್ಲಿ ಖಾಲಿಯಾಗುತ್ತದೆ; 250 ಎಳೆದರೆ ಇಪ್ಪತ್ತು ಗಂಟೆ ಬರುತ್ತದೆ. ಬ್ಯಾಟರಿ ಉಳಿಸುವುದೆಂದರೆ ಈ ಎಳೆತವನ್ನು ಕಡಿಮೆ ಮಾಡುವುದು, ಇಲ್ಲವೇ ಎಳೆಯುವ ಹೊತ್ತನ್ನು ಕಡಿಮೆ ಮಾಡುವುದು. ಮೂರನೆಯ ದಾರಿಯಿಲ್ಲ.

ಈ ಎಳೆತವನ್ನು ನೋಡಲು ರಿಪೇರಿಯವರು ಬಳಸುವುದು ಡಿಸಿ ಪವರ್ ಸಪ್ಲೈ ಎಂಬ ಪೆಟ್ಟಿಗೆಯನ್ನು. ಅದರ ಮುಖದ ಮೇಲೆ ಎರಡು ಅಂಕಿಗಳು ಹೊಳೆಯುತ್ತಿರುತ್ತವೆ: ಒಂದು ವೋಲ್ಟ್, ಇನ್ನೊಂದು ಆಂಪಿಯರ್. ಅಂಗಡಿಯವರು ಫೋನಿನ ಹಿಂಭಾಗ ಬಿಚ್ಚಿ, ಬ್ಯಾಟರಿಯ ಕನೆಕ್ಟರನ್ನು ಬೋರ್ಡಿನಿಂದ ಕಳಚಿ, ಅದೇ ಜಾಗಕ್ಕೆ ಬೂಟ್ ಕೇಬಲ್ ಕೂರಿಸಿ, ಪೆಟ್ಟಿಗೆಯಿಂದ 4.0 ವೋಲ್ಟ್ ಕೊಡುತ್ತಾರೆ. ಈಗ ಫೋನಿಗೆ ಬ್ಯಾಟರಿಯಿಲ್ಲ, ಪೆಟ್ಟಿಗೆಯೇ ಬ್ಯಾಟರಿ. ಫೋನು ಎಷ್ಟು ಎಳೆಯುತ್ತದೆಯೋ ಅಷ್ಟೂ ಅಂಕಿಯಲ್ಲಿ ಕಾಣುತ್ತದೆ. ಬ್ಯಾಟರಿಯನ್ನು ಒಳಗೇ ಬಿಟ್ಟು ಚಾರ್ಜರಿನ ಕಡೆಯಿಂದ ಅಳೆದರೆ ಈ ಸ್ಪಷ್ಟತೆ ಸಿಗುವುದಿಲ್ಲ, ಏಕೆಂದರೆ ಆಗ ಬರುವ ಕರೆಂಟಿನಲ್ಲಿ ಒಂದು ಪಾಲು ಬ್ಯಾಟರಿಗೆ, ಇನ್ನೊಂದು ಪಾಲು ಫೋನಿಗೆ ಹೋಗುತ್ತಿರುತ್ತದೆ, ಎರಡನ್ನೂ ಬೇರ್ಪಡಿಸಲಾಗದು.

ವೋಲ್ಟನ್ನು ಒಂದೇ ಕಡೆ ಕಟ್ಟಿಹಾಕುವುದಕ್ಕೂ ಕಾರಣವಿದೆ. ಲಿಥಿಯಂ ಅಯಾನ್ ಬ್ಯಾಟರಿ ತುಂಬಿದಾಗ 4.2ರಿಂದ 4.45 ವೋಲ್ಟಿನವರೆಗೆ ಇದ್ದು, ಬಳಸುತ್ತಾ ಹೋದಂತೆ 3.4ರ ಹತ್ತಿರಕ್ಕೆ ಇಳಿಯುತ್ತದೆ. ವೋಲ್ಟ್ ಇಳಿದರೆ ಅದೇ ಕೆಲಸಕ್ಕೆ ಫೋನು ಹೆಚ್ಚು ಆಂಪಿಯರ್ ಎಳೆಯಬೇಕಾಗುತ್ತದೆ. ವೋಲ್ಟ್ ಬದಲಾಗುತ್ತಿದ್ದರೆ ಬೆಳಗಿನ ಅಂಕಿಯನ್ನು ಸಂಜೆಯ ಅಂಕಿಯ ಜೊತೆ ಹೋಲಿಸಲಾಗದು.

ಇದನ್ನು ಮನೆಯಲ್ಲಿ ಮಾಡಬಾರದು. ಪ್ಲಸ್ ಮತ್ತು ಮೈನಸ್ ಅದಲುಬದಲಾದರೆ ಅಥವಾ ನಾಬ್ ತಿರುಗಿ ವೋಲ್ಟ್ ಏರಿದರೆ ಬೋರ್ಡಿನ ಮುಖ್ಯ ಚಿಪ್ ಕ್ಷಣದಲ್ಲಿ ಸುಟ್ಟುಹೋಗಬಹುದು. ನೋಡುಗರು ಬಿಡಿಸಿಕೊಳ್ಳಬೇಕಾದದ್ದು ಫೋನನ್ನಲ್ಲ, ಅಂಕಿಯನ್ನು.

## ಮೊದಲ ಸಲಹೆ: ಪರದೆಯ ಬೆಳಕು

ಪ್ರಯೋಗದ ಫೋನಿನಲ್ಲಿರುವುದು ಆರೂವರೆ ಇಂಚಿನ ಅಮೊಲೆಡ್ ಪರದೆ. ಅಂಗಡಿಯವರು ಮೊದಲು ಬೆಳಕನ್ನು ತಾನಾಗಿ ಹೊಂದಿಸುವ ಸೌಲಭ್ಯವನ್ನು ಆಫ್ ಮಾಡುತ್ತಾರೆ, ಫೋನು ಆನ್ ಆದ ಮೇಲೆ ಕೆಲವು ನಿಮಿಷ ಕಾಯುತ್ತಾರೆ. ಈ ಕಾಯುವಿಕೆಯನ್ನು ಅನೇಕರು ಬಿಟ್ಟುಬಿಡುತ್ತಾರೆ. ಆದರೆ ಆನ್ ಆದ ತಕ್ಷಣ ಫೋನು ಒಳಗೊಳಗೇ ನೂರು ಕೆಲಸಗಳನ್ನು ಮುಗಿಸಿಕೊಳ್ಳುತ್ತಿರುತ್ತದೆ. ಆಗ ಓದಿದ ಅಂಕಿ ಪರದೆಯದ್ದಲ್ಲ.

ಎಲ್ಲ ಶಾಂತವಾದ ಮೇಲೆ ಒಂದು ಬಿಳಿ ಪುಟ ತೆರೆದು ಬೆಳಕನ್ನು ಪೂರ್ತಿ ಏರಿಸಿದಾಗ ಮೀಟರಿನಲ್ಲಿ 0.52 ಆಂಪಿಯರ್ ಕಾಣುತ್ತದೆ. ಅರ್ಧಕ್ಕಿಂತ ಸ್ವಲ್ಪ ಕೆಳಗೆ ಇಳಿಸಿದಾಗ 0.24. ತೀರಾ ಕೆಳಗೆ ಇಳಿಸಿದಾಗ 0.16. ಮೊದಲ ಎರಡು ಅಂಕಿಗಳ ನಡುವಿನ ಅಂತರ 0.28 ಆಂಪಿಯರ್, ಅಂದರೆ 280 ಮಿಲಿ ಆಂಪಿಯರ್. ದಿನಕ್ಕೆ ನಾಲ್ಕು ಗಂಟೆ ಪರದೆ ನೋಡುವವರಿಗೆ ಇದು ಸುಮಾರು 1120 ಎಂಎಎಚ್, ಅಂದರೆ 5000ದ ಬ್ಯಾಟರಿಯಲ್ಲಿ ಐದನೇ ಒಂದು ಭಾಗಕ್ಕಿಂತ ಹೆಚ್ಚು. ಮುಂದೆ ಬರುವ ಯಾವ ಸಲಹೆಯೂ ಇಷ್ಟು ಸುಲಭವಾಗಿ ಇಷ್ಟನ್ನು ಉಳಿಸುವುದಿಲ್ಲ. ಬೇರೆ ಫೋನಿನಲ್ಲಿ ಅಂಕಿಗಳು ಬೇರೆಯಾಗಿರುತ್ತವೆ, ಆದರೆ ಬೆಳಕು ಏರಿದಂತೆ ಎಳೆತ ಏರುವುದು ಎಲ್ಲದರಲ್ಲೂ ಒಂದೇ.

ಇದೇ ಪ್ರಯೋಗದ ಎರಡನೇ ಭಾಗ ಡಾರ್ಕ್ ಮೋಡಿನದು. ಪೂರ್ತಿ ಬೆಳಕಿನಲ್ಲಿ ಬಿಳಿ ಪುಟದ ಬದಲು ಪೂರ್ತಿ ಕಪ್ಪು ಚಿತ್ರವೊಂದನ್ನು ತೆರೆದಾಗ ಅಂಕಿ 0.52ರಿಂದ 0.17ಕ್ಕೆ ಕುಸಿಯುತ್ತದೆ. ಅಮೊಲೆಡ್ ಪರದೆಯಲ್ಲಿ ಪ್ರತಿಯೊಂದು ಚುಕ್ಕಿಯೂ ತಾನೇ ಬೆಳಗುತ್ತದೆ. ಕಪ್ಪು ತೋರಿಸಬೇಕಾದ ಚುಕ್ಕಿ ಆರಿಯೇ ಇರುತ್ತದೆ, ಆದ್ದರಿಂದ ಅದಕ್ಕೆ ಕರೆಂಟ್ ಬೇಡ. ಎಲ್‌ಸಿಡಿ ಪರದೆಯಲ್ಲಿ ಹಾಗಲ್ಲ. ಅಲ್ಲಿ ಹಿಂದೊಂದು ದೀಪ ಸದಾ ಉರಿಯುತ್ತಿದ್ದು, ಮುಂದಿನ ಪದರ ಆ ಬೆಳಕನ್ನು ತಡೆಯುತ್ತದೆ ಅಥವಾ ಬಿಡುತ್ತದೆ. ಕಪ್ಪು ಕಂಡರೂ ಹಿಂದಿನ ದೀಪ ಉರಿದೇ ಇರುತ್ತದೆ. ಅಂಗಡಿಯವರು ಎಲ್‌ಸಿಡಿ ಇರುವ ಮತ್ತೊಂದು ಫೋನನ್ನು ಅದೇ ಕೇಬಲಿಗೆ ಹಾಕಿ ಬಿಳಿಗೂ ಕಪ್ಪಿಗೂ ಅಂಕಿ ಹೆಚ್ಚುಕಡಿಮೆ ಅಲುಗಾಡದಿರುವುದನ್ನು ತೋರಿಸುತ್ತಾರೆ. ಡಾರ್ಕ್ ಮೋಡ್ ಹಾಕಿದರೂ ಬ್ಯಾಟರಿ ಉಳಿಯುತ್ತಿಲ್ಲ ಎಂದು ಹೇಳುವ ಕೆಲವರ ಅನುಭವಕ್ಕೆ ಇದು ಒಂದು ಉತ್ತರ.

ಇನ್ನೊಂದು ಉತ್ತರ ಬೆಳಕಿನ ಮಟ್ಟದಲ್ಲಿದೆ. ಅಮೊಲೆಡ್ ಫೋನಿನಲ್ಲೇ ಬೆಳಕನ್ನು ಅರ್ಧಕ್ಕಿಂತ ಕೆಳಗೆ ಇಟ್ಟು, ಕಪ್ಪು ಚಿತ್ರದ ಬದಲು ದಿನನಿತ್ಯ ಬಳಸುವ ಆ್ಯಪ್ ಒಂದರ ಡಾರ್ಕ್ ಮೋಡ್ ತೆರೆದಾಗ 0.24 ಇದ್ದದ್ದು 0.22 ಆಗುತ್ತದೆ, ಅಷ್ಟೇ. ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದ ಸಂಶೋಧಕರು 2021ರಲ್ಲಿ ಪ್ರಕಟಿಸಿದ ಅಧ್ಯಯನವೂ ಇದನ್ನೇ ಹೇಳಿತು: ಅವರು ಪರೀಕ್ಷಿಸಿದ ಆ್ಯಪ್‌ಗಳಲ್ಲಿ ಬೆಳಕು 30ರಿಂದ 50 ಶೇಕಡಾ ಇದ್ದಾಗ ಡಾರ್ಕ್ ಮೋಡಿನಿಂದ ಸರಾಸರಿ 3ರಿಂದ 9 ಶೇಕಡಾ ಮಾತ್ರ ಉಳಿತಾಯವಾಯಿತು, ಬೆಳಕು ಪೂರ್ತಿ ಇದ್ದಾಗ ಅದು 39ರಿಂದ 47 ಶೇಕಡಾಕ್ಕೆ ಏರಿತು. ಆದ್ದರಿಂದ ಮನೆಯೊಳಗೆ, ಕಡಿಮೆ ಬೆಳಕಿನಲ್ಲಿ ಫೋನು ನೋಡುವವರಿಗೆ ಡಾರ್ಕ್ ಮೋಡ್ ಕಣ್ಣಿಗೆ ಹಿತವೆನಿಸಬಹುದು, ಬ್ಯಾಟರಿಗೆ ಅದರಿಂದ ಆಗುವ ಲಾಭ ಅಲ್ಪ. ಬಿಸಿಲಿನಲ್ಲಿ ನಿಂತು ಪೂರ್ತಿ ಬೆಳಕಿನಲ್ಲಿ ಫೋನು ಬಳಸುವ ಡೆಲಿವರಿಯವರಿಗೆ, ಆಟೊ ಚಾಲಕರಿಗೆ ಅದೇ ಡಾರ್ಕ್ ಮೋಡ್ ನಿಜವಾದ ಉಳಿತಾಯ.

## ಎರಡನೆಯ ಸಲಹೆ: ಸಿಗ್ನಲ್ ಇಲ್ಲದ ಕಡೆ ಏರೋಪ್ಲೇನ್ ಮೋಡ್

ವಿಡಿಯೊದ ಅತ್ಯಂತ ಉಪಯುಕ್ತ ಭಾಗ ಇದು, ವಿಶೇಷವಾಗಿ ಘಟ್ಟದ ಮೇಲಿನವರಿಗೆ. ಪರದೆ ಆರಿಸಿ, ವೈಫೈ ಆಫ್ ಮಾಡಿ, ಸಿಗ್ನಲ್ ಚೆನ್ನಾಗಿರುವ ಅಂಗಡಿಯ ಮುಂಭಾಗದಲ್ಲಿ ಫೋನನ್ನು ಸುಮ್ಮನೆ ಇಟ್ಟಾಗ ಮೀಟರಿನಲ್ಲಿ ಅಂಕಿ 0.01ರ ಆಸುಪಾಸಿನಲ್ಲಿದ್ದು, ಆಗಾಗ ಒಂದು ಕ್ಷಣ ಮೇಲೆ ಜಿಗಿದು ಮತ್ತೆ ಇಳಿಯುತ್ತದೆ. ಸರಾಸರಿ ತೆಗೆದರೆ ಸುಮಾರು 15 ಮಿಲಿ ಆಂಪಿಯರ್. ನಂತರ ಅವರು ಫೋನನ್ನು ಒಂದು ದೊಡ್ಡ ಸ್ಟೀಲ್ ಡಬ್ಬಿಯೊಳಗೆ ಇಟ್ಟು, ಕೇಬಲ್ ಹೊರಬರುವಷ್ಟು ಸಂದಿ ಬಿಟ್ಟು ಮುಚ್ಚಳ ಹಾಕುತ್ತಾರೆ. ಲೋಹದ ಗೋಡೆ ರೇಡಿಯೊ ಅಲೆಗಳನ್ನು ತಡೆಯುತ್ತದೆ. ಸಂದಿಯಿಂದ ಸ್ವಲ್ಪ ಮಾತ್ರ ಒಳಗೆ ಹೋಗುತ್ತದೆ. ಫೋನಿಗೆ ಅದು ಟವರಿನಿಂದ ಬಹುದೂರದ ಕಣಿವೆಯಲ್ಲಿದ್ದಂತೆಯೇ. ಈಗ ಅಂಕಿ ನೆಮ್ಮದಿಯಿಂದ ಕೂರುವುದಿಲ್ಲ. 0.20, 0.30 ಎಂದು ಪದೇಪದೇ ಏರುತ್ತದೆ, ಇಳಿಯುತ್ತದೆ, ಮತ್ತೆ ಏರುತ್ತದೆ. ಹಲವು ನಿಮಿಷಗಳ ಸರಾಸರಿ 70 ಮಿಲಿ ಆಂಪಿಯರ್ ಬರುತ್ತದೆ. ಡಬ್ಬಿಯೊಳಗೇ ಇಟ್ಟು ಏರೋಪ್ಲೇನ್ ಮೋಡ್ ಹಾಕಿದಾಗ ಅದು 8ಕ್ಕೆ ಇಳಿದು ಅಲ್ಲೇ ನಿಲ್ಲುತ್ತದೆ.

ಹೀಗಾಗಲು ಎರಡು ಕಾರಣಗಳಿವೆ. ಫೋನು ಟವರಿನ ಮಾತನ್ನು ಕೇಳುವುದಷ್ಟೇ ಅಲ್ಲ, ಟವರಿಗೆ ಉತ್ತರವನ್ನೂ ಕೊಡಬೇಕು. ಟವರ್ ಹತ್ತಿರವಿದ್ದರೆ ಮೆಲ್ಲನೆ ಉತ್ತರಿಸಿದರೆ ಸಾಕು; ದೂರವಿದ್ದರೆ ಟವರೇ ಫೋನಿಗೆ ಶಕ್ತಿ ಹೆಚ್ಚಿಸಿಕೊಳ್ಳಲು ಸೂಚಿಸುತ್ತದೆ. 4ಜಿ ಫೋನೊಂದು ಆಂಟೆನಾದಿಂದ ಸಾಮಾನ್ಯವಾಗಿ ಗರಿಷ್ಠ ಐದನೇ ಒಂದು ವ್ಯಾಟ್ ಹೊರಸೂಸಬಹುದು. ಅಷ್ಟನ್ನು ಹೊರಸೂಸಲು ಒಳಗಿನ ಆಂಪ್ಲಿಫೈಯರ್ ಅದರ ಹಲವು ಪಟ್ಟು ಶಕ್ತಿಯನ್ನು ಬ್ಯಾಟರಿಯಿಂದ ಎಳೆಯುತ್ತದೆ, ಉಳಿದದ್ದು ಬಿಸಿಯಾಗಿ ಹೋಗುತ್ತದೆ. ಎರಡನೆಯ ಕಾರಣ ಹುಡುಕಾಟ. ಸಿಗ್ನಲ್ ಪೂರ್ತಿ ಕಳೆದುಹೋದಾಗ ಫೋನು ತನಗೆ ಗೊತ್ತಿರುವ ಎಲ್ಲ ಬ್ಯಾಂಡುಗಳನ್ನೂ, ಅಂದರೆ ಟವರುಗಳು ಬಳಸುವ ರೇಡಿಯೊ ಅಲೆಗಳ ಪಟ್ಟಿಗಳನ್ನೂ, ಒಂದೊಂದಾಗಿ ತಡಕುತ್ತದೆ. ಎರಡು ಸಿಮ್ ಇದ್ದರೆ ಹುಡುಕಾಟವೂ ಎರಡು. 5ಜಿ ಅಂಚಿನಲ್ಲಿರುವ ಊರುಗಳಲ್ಲಿ ಫೋನು 5ಜಿಗೂ 4ಜಿಗೂ ನಡುವೆ ಅತ್ತಿಂದಿತ್ತ ಹಾರುತ್ತಿರುವುದೂ ಇದೇ ಬಗೆಯ ಖರ್ಚು.

ಅಂಕಿಯನ್ನು ಒಂದು ರಾತ್ರಿಗೆ ಹಾಕಿ ನೋಡಿದರೆ ವ್ಯತ್ಯಾಸ ಕಾಣುತ್ತದೆ. ಎಂಟು ಗಂಟೆಗೆ 70 ಮಿಲಿ ಆಂಪಿಯರಿನಂತೆ 560 ಎಂಎಎಚ್. ಬ್ಯಾಟರಿಯ 11 ಶೇಕಡಾ. ಒಳ್ಳೆಯ ಸಿಗ್ನಲ್ಲಿನಲ್ಲಿ 120, ಅಂದರೆ ಎರಡೂವರೆ ಶೇಕಡಾಕ್ಕಿಂತ ಕಡಿಮೆ. ಏರೋಪ್ಲೇನ್ ಮೋಡಿನಲ್ಲಿ 64, ಒಂದು ಶೇಕಡಾ ಮೀರಿ ಸ್ವಲ್ಪ. ರಾತ್ರಿ ಮುಟ್ಟದೇ ಇಟ್ಟ ಫೋನು ಬೆಳಿಗ್ಗೆ ಹತ್ತು ಹನ್ನೆರಡು ಶೇಕಡಾ ಇಳಿದಿದ್ದರೆ, ಬ್ಯಾಟರಿಯ ಮೇಲೆ ಸಂಶಯ ಪಡುವ ಮೊದಲು ಸಿಗ್ನಲ್ಲನ್ನು ನೋಡಬೇಕು ಎಂಬುದು ಅಂಗಡಿಯವರ ಮಾತು. ಬಹಳಷ್ಟು ಆಂಡ್ರಾಯ್ಡ್ ಫೋನುಗಳ ಸೆಟ್ಟಿಂಗ್ಸ್‌ನಲ್ಲಿ ಅಬೌಟ್ ಫೋನ್ ಎಂಬಲ್ಲಿ ಸಿಮ್ ಸ್ಟೇಟಸ್ ತೆರೆದರೆ ಸಿಗ್ನಲ್ಲಿನ ಬಲವನ್ನು ಡಿಬಿಎಂ ಲೆಕ್ಕದಲ್ಲಿ ತೋರಿಸುತ್ತದೆ. ಅದು ಮೈನಸ್ ಅಂಕಿ. ಸೊನ್ನೆಗೆ ಹತ್ತಿರವಾದಷ್ಟೂ ಒಳ್ಳೆಯದು. 4ಜಿಯಲ್ಲಿ ಮೈನಸ್ 85 ಚೆನ್ನಾಗಿದೆ ಎಂದರ್ಥ, ಮೈನಸ್ 115 ಎಂದರೆ ಫೋನು ಕಷ್ಟಪಡುತ್ತಿದೆ. ಪರದೆಯ ಮೇಲಂಚಿನಲ್ಲಿ ಕಾಣುವ ಸಿಗ್ನಲ್ ಕಡ್ಡಿಗಳಿಗಿಂತ ಈ ಅಂಕಿಯನ್ನು ನಂಬಬಹುದು, ಏಕೆಂದರೆ ಎಷ್ಟಕ್ಕೆ ಎಷ್ಟು ಕಡ್ಡಿ ತೋರಿಸಬೇಕೆಂಬುದನ್ನು ಒಂದೊಂದು ಕಂಪನಿ ಒಂದೊಂದು ರೀತಿ ತೀರ್ಮಾನಿಸುತ್ತದೆ.

ಏರೋಪ್ಲೇನ್ ಮೋಡ್ ಹಾಕಿದರೆ ಕರೆ ಬರುವುದಿಲ್ಲ, ಒಟಿಪಿ ಬರುವುದಿಲ್ಲ. ಈ ಬೆಲೆಯನ್ನು ಮರೆಯುವಂತಿಲ್ಲ. ಶಿರಾಡಿಯಲ್ಲೋ ಆಗುಂಬೆಯಲ್ಲೋ ಘಟ್ಟ ಇಳಿಯುವ ಬಸ್ಸಿನಲ್ಲಿ, ಹೇಗೂ ಸಿಗ್ನಲ್ ಸಿಗದ ಹೊತ್ತಿನಲ್ಲಿ ಇದು ಸರಿ. ಮನೆಯಲ್ಲಿಯೇ ಸಿಗ್ನಲ್ ದುರ್ಬಲವಾಗಿದ್ದು ವೈಫೈ ಇದ್ದರೆ, ಏರೋಪ್ಲೇನ್ ಮೋಡ್ ಹಾಕಿ ನಂತರ ವೈಫೈಯನ್ನು ಮಾತ್ರ ಮತ್ತೆ ಆನ್ ಮಾಡಬಹುದು. ಫೋನಿನಲ್ಲೂ ಸಿಮ್ ಕಂಪನಿಯಲ್ಲೂ ವೈಫೈ ಕಾಲಿಂಗ್ ಸೌಲಭ್ಯವಿದ್ದರೆ ಕರೆಗಳು ಆ ದಾರಿಯಲ್ಲಿ ಬರುತ್ತವೆ. ವೈಫೈಯೂ ಇಲ್ಲದಿದ್ದರೆ, ನೆಟ್‌ವರ್ಕ್ ಆಯ್ಕೆಯನ್ನು 5ಜಿಯಿಂದ 4ಜಿಗೆ ಇಳಿಸಿ ಹಾರಾಟವನ್ನಾದರೂ ನಿಲ್ಲಿಸಬಹುದು, ಫೋನನ್ನು ಮನೆಯ ಒಳಕೋಣೆಯ ಬದಲು ಕಿಟಕಿಯ ಬಳಿ ಇಡಬಹುದು.

## ಮೂರನೆಯ ಸಲಹೆ: ಆ್ಯಪ್‌ಗಳನ್ನು ಪದೇಪದೇ ಗುಡಿಸಿಹಾಕಬೇಡಿ

ಫೋನು ಜೇಬಿಗೆ ಹಾಕುವ ಮೊದಲು ತೆರೆದಿರುವ ಆ್ಯಪ್‌ಗಳನ್ನೆಲ್ಲ ಬೆರಳಿನಿಂದ ಮೇಲಕ್ಕೆ ತಳ್ಳಿ ಮುಚ್ಚುವ ಅಭ್ಯಾಸ ಬಹಳ ಜನರಿಗಿದೆ. ಅದರಿಂದ ಬ್ಯಾಟರಿ ಉಳಿಯುತ್ತದೆಂಬ ನಂಬಿಕೆ ಎಷ್ಟು ಗಟ್ಟಿಯೆಂದರೆ, ಈ ಪ್ರಯೋಗವನ್ನು ಅಂಗಡಿಯವರು ಎರಡು ಸಲ ಮಾಡಿ ತೋರಿಸುತ್ತಾರೆ. ಮೊದಲು ಐದಾರು ಆ್ಯಪ್‌ಗಳನ್ನು ತೆರೆದು, ಮುಚ್ಚದೆ ಪರದೆ ಆರಿಸುತ್ತಾರೆ. ಒಂದೆರಡು ನಿಮಿಷದಲ್ಲಿ ಅಂಕಿ ಅದೇ 15 ಮಿಲಿ ಆಂಪಿಯರ್ ಸರಾಸರಿಗೆ ಇಳಿಯುತ್ತದೆ. ಎಲ್ಲವನ್ನೂ ಮುಚ್ಚಿ ಪರದೆ ಆರಿಸಿದಾಗಲೂ ಅಷ್ಟೇ. ಪಟ್ಟಿಯಲ್ಲಿ ಕಾಣುವ ಆ್ಯಪ್ ಓಡುತ್ತಿದೆ ಎಂದಲ್ಲ. ಅದರ ಕೊನೆಯ ಸ್ಥಿತಿ ಮೆಮೊರಿಯಲ್ಲಿ ಉಳಿದಿದೆ ಎಂದಷ್ಟೇ. ಮೆಮೊರಿ ತುಂಬಿರಲಿ ಖಾಲಿಯಿರಲಿ, ಅದಕ್ಕೆ ಬೇಕಾಗುವ ಕರೆಂಟ್ ಹೆಚ್ಚುಕಡಿಮೆ ಒಂದೇ.

ನಂತರ ಮೆಮೊರಿಯಲ್ಲಿರುವ ಆ್ಯಪ್ ಒಂದನ್ನು ಮತ್ತೆ ತೆರೆದಾಗ ಅಂಕಿ ಒಂದು ಸೆಕೆಂಡು 0.45ಕ್ಕೆ ಏರಿ ಇಳಿಯುತ್ತದೆ. ಅದೇ ಆ್ಯಪ್ ಅನ್ನು ಮುಚ್ಚಿ ಹೊಸದಾಗಿ ತೆರೆದಾಗ ಮೂರು ಸೆಕೆಂಡುಗಳ ಕಾಲ 0.9ರ ಸುತ್ತ ನಿಲ್ಲುತ್ತದೆ. ಸ್ಟೋರೇಜಿನಿಂದ ಎಲ್ಲವನ್ನೂ ಮತ್ತೆ ಓದಿ, ಪ್ರೊಸೆಸರ್ ಎಲ್ಲವನ್ನೂ ಮತ್ತೆ ಜೋಡಿಸಬೇಕಾದದ್ದು ಇದಕ್ಕೆ ಕಾರಣ. 2016ರಲ್ಲಿ ಆಪಲ್‌ನ ಕ್ರೇಗ್ ಫೆಡರಿಗಿ ಮತ್ತು ಆಂಡ್ರಾಯ್ಡ್‌ನ ಹೊಣೆ ಹೊತ್ತಿದ್ದ ಹಿರೋಶಿ ಲಾಕ್‌ಹೈಮರ್ ಇಬ್ಬರೂ ಆ್ಯಪ್‌ಗಳನ್ನು ಹೀಗೆ ಮುಚ್ಚುವುದರಿಂದ ಬ್ಯಾಟರಿ ಉಳಿಯುವುದಿಲ್ಲ ಎಂದು ಹೇಳಿದ್ದರು.

ಆದರೆ ಈ ಪ್ರಯೋಗವನ್ನು ಅತಿಯಾಗಿಯೂ ಓದಬಾರದು. ಮೀಟರಿನಲ್ಲಿ 0.9 ಎಂದು ಕಂಡಾಗ ಬಹಳ ಖರ್ಚಾಯಿತು ಎನಿಸುತ್ತದೆ, ಆದರೆ ಆಂಪಿಯರನ್ನು ಹೊತ್ತಿನಿಂದ ಗುಣಿಸಿಯೇ ನೋಡಬೇಕು. 0.9 ಆಂಪಿಯರ್ ಮೂರು ಸೆಕೆಂಡಿಗೆ ಮುಕ್ಕಾಲು ಎಂಎಎಚ್ ಮಾತ್ರ. ದಿನಕ್ಕೆ ಐವತ್ತು ಸಲ ಹೀಗೆ ತೆರೆದರೂ ಬ್ಯಾಟರಿಯ ಒಂದು ಶೇಕಡಾ ಮುಟ್ಟುವುದಿಲ್ಲ. ಮುಚ್ಚುವುದು ದೊಡ್ಡ ತಪ್ಪೇನಲ್ಲ; ಅದರಿಂದ ಉಳಿತಾಯ ಮಾತ್ರ ಇಲ್ಲ.

ನಿಜವಾದ ಅಪವಾದವನ್ನು ಅವರು ಕೊನೆಯಲ್ಲಿ ತೋರಿಸುತ್ತಾರೆ. ನಕ್ಷೆಯ ಆ್ಯಪ್‌ನಲ್ಲಿ ದಾರಿ ತೋರಿಸುವುದನ್ನು ಆರಂಭಿಸಿ, ನಿಲ್ಲಿಸದೆ ಪರದೆ ಆರಿಸಿದಾಗ ಅಂಕಿ 15 ಮಿಲಿ ಆಂಪಿಯರಿಗೆ ಇಳಿಯುವುದೇ ಇಲ್ಲ, 0.15 ಆಂಪಿಯರಿನಲ್ಲಿ, ಅಂದರೆ 150 ಮಿಲಿ ಆಂಪಿಯರಿನಲ್ಲಿ ನಿಂತುಬಿಡುತ್ತದೆ. ಇಲ್ಲಿ ಆ್ಯಪ್ ಮಲಗಿಲ್ಲ. ಜಿಪಿಎಸ್ ಕೇಳುತ್ತಾ, ಲೆಕ್ಕ ಹಾಕುತ್ತಾ ಪ್ರೊಸೆಸರನ್ನು ಎಚ್ಚರವಾಗಿಟ್ಟಿದೆ. ಎಂಟು ಗಂಟೆ ಹೀಗೆಯೇ ಬಿಟ್ಟರೆ 1200 ಎಂಎಎಚ್ ಹೋಗುತ್ತದೆ. 2015ರ ಆಂಡ್ರಾಯ್ಡ್ 6ರಿಂದಲೇ ಫೋನನ್ನು ಮುಟ್ಟದೆ ಇಟ್ಟಾಗ ಆ್ಯಪ್‌ಗಳನ್ನು ಮಲಗಿಸುವ ಡೋಜ್ ಎಂಬ ವ್ಯವಸ್ಥೆ ಇದೆ, ಆದರೆ ಬಳಕೆದಾರರೇ ಆರಂಭಿಸಿದ ನಕ್ಷೆ, ಸಂಗೀತ, ಹಾಟ್‌ಸ್ಪಾಟ್ ಇಂಥವುಗಳನ್ನು ಅದು ಸುಮ್ಮನೆ ನಿಲ್ಲಿಸುವುದಿಲ್ಲ. ಎಲ್ಲವನ್ನೂ ಗುಡಿಸುವ ಬದಲು ಸೆಟ್ಟಿಂಗ್ಸ್‌ನ ಬ್ಯಾಟರಿ ವಿಭಾಗದಲ್ಲಿ ಯಾವ ಆ್ಯಪ್ ಎಷ್ಟು ಬಳಸಿದೆ ಎಂಬ ಪಟ್ಟಿಯನ್ನು ತೆರೆಯಬೇಕು. ಪರದೆಯಲ್ಲಿ ಐದು ನಿಮಿಷ ಮಾತ್ರ ಬಳಸಿದ ಆ್ಯಪ್ ಹಿನ್ನೆಲೆಯಲ್ಲಿ ಗಂಟೆಗಟ್ಟಲೆ ಕೆಲಸ ಮಾಡಿದ್ದು ಕಂಡರೆ, ಅದರ ಹಿನ್ನೆಲೆ ಬಳಕೆಯನ್ನು ಮಾತ್ರ ನಿರ್ಬಂಧಿಸಬಹುದು. ಸಂದೇಶ ಕಳಿಸುವ ಆ್ಯಪ್‌ಗಳಿಗೂ ಬ್ಯಾಂಕಿನ ಆ್ಯಪ್‌ಗಳಿಗೂ ಈ ನಿರ್ಬಂಧ ಹಾಕಿದರೆ ಸೂಚನೆಗಳು ತಡವಾಗಿ ಬರುವ ಸಾಧ್ಯತೆಯಿರುತ್ತದೆ.

## ನಾಲ್ಕನೆಯ ಸಲಹೆ: ಚಾರ್ಜಿನಲ್ಲಿರುವಾಗ ಫೋನನ್ನು ಬಿಸಿಯಾಗಲು ಬಿಡಬೇಡಿ

ಇದುವರೆಗಿನ ಮೂರೂ ಸಲಹೆಗಳು ಇವತ್ತಿನ ಚಾರ್ಜನ್ನು ಸಂಜೆಯವರೆಗೆ ಉಳಿಸುವವು. ಇದು ಬ್ಯಾಟರಿಯನ್ನೇ ಹೆಚ್ಚು ವರ್ಷ ಉಳಿಸುವುದು. ಪ್ರಯೋಗಕ್ಕಾಗಿ ಬ್ಯಾಟರಿಯನ್ನು ಮರಳಿ ಜೋಡಿಸಿ, ಚಾರ್ಜರಿಗೂ ಕೇಬಲಿಗೂ ನಡುವೆ ಚಿಕ್ಕ ಯುಎಸ್‌ಬಿ ಮೀಟರ್ ಒಂದನ್ನು ಸಿಕ್ಕಿಸಲಾಗುತ್ತದೆ. ಫೋನಿನ ಕವರ್ ತೆಗೆದು, ಪರದೆ ಆರಿಸಿ ಮೇಜಿನ ಮೇಲಿಟ್ಟು ಚಾರ್ಜ್ ಮಾಡಿದಾಗ ಮೀಟರ್ 18 ವ್ಯಾಟ್ ತೋರಿಸುತ್ತದೆ, ಹಿಂಭಾಗದ ಉಷ್ಣತೆ 34 ಡಿಗ್ರಿ. ಅಷ್ಟೇ ಚಾರ್ಜ್ ಇದ್ದಾಗ ದಪ್ಪ ಕವರ್ ಹಾಕಿ, ಗೇಮ್ ಆಡುತ್ತಾ ಚಾರ್ಜ್ ಮಾಡಿದಾಗ ಹಿಂಭಾಗ 43 ಡಿಗ್ರಿಗೆ ಏರುತ್ತದೆ, ಮೀಟರ್ 7 ವ್ಯಾಟಿಗೆ ಇಳಿಯುತ್ತದೆ. ಬ್ಯಾಟರಿಯ ಪಕ್ಕದಲ್ಲೇ ಉಷ್ಣತೆ ಅಳೆಯುವ ಸಣ್ಣ ಬಿಡಿಭಾಗವಿದ್ದು, ಬಿಸಿ ಹೆಚ್ಚಿದಾಗ ಫೋನೇ ಚಾರ್ಜಿಂಗ್ ವೇಗವನ್ನು ತಗ್ಗಿಸುತ್ತದೆ. ಆ 7 ವ್ಯಾಟಿನಲ್ಲೂ ಒಂದು ಪಾಲು ಗೇಮಿಗೇ ಹೋಗುತ್ತದೆ. ವೇಗದ ಚಾರ್ಜರ್ ಕೊಂಡರೂ ಚಾರ್ಜ್ ನಿಧಾನ ಎಂಬ ದೂರಿನ ಹಿಂದೆ ಅನೇಕ ಸಲ ಇರುವುದು ಇದೇ.

ನಿಧಾನವಾಗುವುದಕ್ಕಿಂತ ದೊಡ್ಡ ನಷ್ಟ ಕಣ್ಣಿಗೆ ಕಾಣುವುದಿಲ್ಲ. ಲಿಥಿಯಂ ಅಯಾನ್ ಬ್ಯಾಟರಿಯೊಳಗೆ ಬೇಕಾದ ರಾಸಾಯನಿಕ ಕ್ರಿಯೆಯ ಜೊತೆಗೆ ಬೇಡದ ಕ್ರಿಯೆಗಳೂ ನಿಧಾನವಾಗಿ ನಡೆಯುತ್ತಿರುತ್ತವೆ. ಅವು ಚಾರ್ಜನ್ನು ಹೊತ್ತೊಯ್ಯಬೇಕಾದ ಲಿಥಿಯಮನ್ನೇ ಸ್ವಲ್ಪ ಸ್ವಲ್ಪವಾಗಿ ಕಟ್ಟಿಹಾಕುತ್ತವೆ. ಹಾಗೆ ಕಟ್ಟಿದ್ದು ಮರಳಿ ಬರುವುದಿಲ್ಲ. ಬಿಸಿ ಹೆಚ್ಚಿದಂತೆ ಈ ಕ್ರಿಯೆಗಳು ವೇಗಗೊಳ್ಳುತ್ತವೆ, ಬ್ಯಾಟರಿ ಪೂರ್ತಿ ತುಂಬಿ ವೋಲ್ಟ್ ಮೇಲಿರುವಾಗಲೂ ವೇಗಗೊಳ್ಳುತ್ತವೆ. ಎರಡೂ ಸೇರಿದರೆ, ಅಂದರೆ ನೂರಕ್ಕೆ ನೂರು ತುಂಬಿದ ಫೋನು ಕಲಬುರಗಿಯ ಏಪ್ರಿಲ್ ಬಿಸಿಲಿನಲ್ಲಿ ಕಾರಿನ ಡ್ಯಾಶ್‌ಬೋರ್ಡಿನ ಮೇಲೆ ಬಿದ್ದಿದ್ದರೆ, ಬ್ಯಾಟರಿ ವೇಗವಾಗಿ ಮುದಿಯಾಗುತ್ತದೆ. ತನ್ನ ಫೋನುಗಳನ್ನು 35 ಡಿಗ್ರಿಯೊಳಗಿನ ವಾತಾವರಣದಲ್ಲಿ ಬಳಸಬೇಕು, ಅದನ್ನು ಮೀರಿದರೆ ಬ್ಯಾಟರಿಯ ಸಾಮರ್ಥ್ಯ ಶಾಶ್ವತವಾಗಿ ಕುಂದಬಹುದು ಎಂದು ಆಪಲ್ ಹೇಳುವುದು ಇದೇ ಕಾರಣಕ್ಕೆ. ನಮ್ಮ ಉತ್ತರದ ಜಿಲ್ಲೆಗಳಲ್ಲಿ ಬೇಸಿಗೆಯಲ್ಲಿ ನೆರಳೇ ಅದನ್ನು ಮೀರುತ್ತದೆ.

ಆದ್ದರಿಂದ ಚಾರ್ಜಿಗೆ ಹಾಕಿದ ಫೋನನ್ನು ದಿಂಬಿನ ಕೆಳಗೆ, ಹಾಸಿಗೆಯ ಮೇಲೆ ಇಡಬಾರದು. ಗಟ್ಟಿಯಾದ, ಗಾಳಿಯಾಡುವ ಜಾಗದಲ್ಲಿಡಬೇಕು. ಬಿಸಿ ಕೈಗೆ ತಟ್ಟುತ್ತಿದ್ದರೆ ಕವರ್ ತೆಗೆಯಬೇಕು. ಇತ್ತೀಚಿನ ಬಹಳಷ್ಟು ಫೋನುಗಳಲ್ಲಿ ಚಾರ್ಜನ್ನು 80 ಶೇಕಡಾಕ್ಕೆ ನಿಲ್ಲಿಸುವ ಆಯ್ಕೆಯಿದೆ. ದಿನವಿಡೀ ಚಾರ್ಜರ್ ಹತ್ತಿರವೇ ಇರುವವರಿಗೆ ಅದು ಒಳ್ಳೆಯದು. ಬೆಳಿಗ್ಗೆ ಹೊರಟರೆ ರಾತ್ರಿ ಮನೆ ಸೇರುವವರು ಪೂರ್ತಿ ತುಂಬಿಸಿಕೊಂಡೇ ಹೋಗಬೇಕಾಗುತ್ತದೆ, ಅದರಲ್ಲಿ ತಪ್ಪಿಲ್ಲ. ಬಿಸಿಯಾದ ಫೋನನ್ನು ಫ್ರಿಜ್ಜಿನಲ್ಲಿಡುವುದು ಮಾತ್ರ ಅಪಾಯ: ಹೊರತೆಗೆದಾಗ ಗಾಳಿಯ ತೇವ ಬೋರ್ಡಿನ ಮೇಲೆ ನೀರಾಗಿ ಕೂರುತ್ತದೆ.

## ಈ ಸಲಹೆಗಳು ಕೆಲಸಕ್ಕೆ ಬಾರದ ಎರಡು ಸಂದರ್ಭಗಳು

ಬೆಳಕು ಇಳಿಸಿ, ಸಿಗ್ನಲ್ ಸರಿಯಾಗಿದ್ದು, ಹಿನ್ನೆಲೆಯ ಆ್ಯಪ್‌ಗಳೂ ತಣ್ಣಗಿದ್ದು, ಆದರೂ ಬ್ಯಾಟರಿ ನಿಲ್ಲದಿದ್ದರೆ ದೋಷ ಬಳಕೆಯಲ್ಲಿಲ್ಲ. ಅದನ್ನು ತೋರಿಸಲು ಅಂಗಡಿಯವರು ಪವರ್ ಸಪ್ಲೈಗೆ ಮರಳುತ್ತಾರೆ. ಸ್ವಿಚ್ ಆಫ್ ಆದ ಒಳ್ಳೆಯ ಫೋನಿಗೆ 4.0 ವೋಲ್ಟ್ ಕೊಟ್ಟಾಗ ಅಂಕಿ ಸೊನ್ನೆಯಲ್ಲಿರುತ್ತದೆ. ನೀರು ಬಿದ್ದಿದ್ದ ಫೋನೊಂದಕ್ಕೆ ಕೊಟ್ಟಾಗ, ಬಟನ್ ಒತ್ತುವ ಮೊದಲೇ 0.04 ಆಂಪಿಯರ್ ಕಾಣಿಸುತ್ತದೆ. ರಿಪೇರಿಯವರು ಇದನ್ನು ಲೀಕೇಜ್ ಎನ್ನುತ್ತಾರೆ. ಬೋರ್ಡಿನ ಮೇಲೆ ಎಲ್ಲೋ ಒಂದು ಕೆಪಾಸಿಟರ್ ಅಥವಾ ಚಿಪ್ ಸದಾ ಕರೆಂಟ್ ಸೋರಿಸುತ್ತಿದೆ ಎಂದು ಅರ್ಥ. ಫೋನು ಆಫ್ ಇದ್ದರೂ ದಿನಕ್ಕೆ 960 ಎಂಎಎಚ್ ಹೀಗೆಯೇ ಹೋಗುತ್ತದೆ. ಇಂಥ ಫೋನಿಗೆ ಹೊಸ ಬ್ಯಾಟರಿ ಹಾಕಿಸಿದರೆ ಹಣ ವ್ಯರ್ಥ. ಮನೆಯಲ್ಲಿ ಇದನ್ನು ಗುರುತಿಸುವ ದಾರಿಯೂ ಸರಳ: ರಾತ್ರಿ ಪೂರ್ತಿ ಸ್ವಿಚ್ ಆಫ್ ಮಾಡಿಟ್ಟು ಬೆಳಿಗ್ಗೆ ಆನ್ ಮಾಡಿದಾಗ ಹಲವು ಶೇಕಡಾ ಇಳಿದಿದ್ದರೆ ಬೋರ್ಡನ್ನು ಪರೀಕ್ಷಿಸಬೇಕು.

ಎರಡನೆಯದು ಮುದಿಯಾದ ಬ್ಯಾಟರಿ. ಹಳೆಯ ಮತ್ತು ಹೊಸ ಬ್ಯಾಟರಿಗಳೆರಡೂ 3.85 ವೋಲ್ಟ್ ತೋರಿಸುತ್ತಿರುವಾಗ ಒಂದೊಂದನ್ನೇ ಫೋನಿಗೆ ಹಾಕಿ, ಕ್ಯಾಮೆರಾ ಮತ್ತು ಟಾರ್ಚ್‌ನಂಥ ಭಾರದ ಕೆಲಸಗಳನ್ನು ಒಟ್ಟಿಗೆ ಮಾಡಿಸಿದಾಗ ಹೊಸದು 3.72ಕ್ಕೆ ಇಳಿದು ನಿಲ್ಲುತ್ತದೆ, ಹಳೆಯದು 3.45ಕ್ಕೆ ಕುಸಿಯುತ್ತದೆ. ವಯಸ್ಸಾದಂತೆ ಬ್ಯಾಟರಿಯ ಒಳಗಿನ ಪ್ರತಿರೋಧ ಹೆಚ್ಚುವುದರಿಂದ, ಹೆಚ್ಚು ಕರೆಂಟ್ ಎಳೆದಾಗ ವೋಲ್ಟ್ ಒಳಗೇ ಕಳೆದುಹೋಗುತ್ತದೆ. 20 ಶೇಕಡಾ ಇದೆ ಎನ್ನುತ್ತಿದ್ದ ಫೋನು ಫೋಟೊ ತೆಗೆಯುವಾಗ ಥಟ್ಟನೆ ಆಫ್ ಆಗುವುದು, ಚಾರ್ಜರ್ ಹಾಕಿದೊಡನೆ ಮತ್ತೆ ಅಷ್ಟೇ ಶೇಕಡಾ ತೋರಿಸುವುದು ಇದರ ಲಕ್ಷಣ. ಮುದಿ ಬ್ಯಾಟರಿಯಿರುವ ಐಫೋನುಗಳು ಹೀಗೆ ಆಫ್ ಆಗದಿರಲೆಂದು ಅವುಗಳ ವೇಗವನ್ನು ತಗ್ಗಿಸಿದ್ದಾಗಿ ಆಪಲ್ 2017ರ ಡಿಸೆಂಬರಿನಲ್ಲಿ ಒಪ್ಪಿಕೊಂಡಿತ್ತು.

ಇಂಥ ಬ್ಯಾಟರಿಯನ್ನು ಬದಲಿಸುವುದೊಂದೇ ದಾರಿ. ಭಾರತದಲ್ಲಿ ಮಾರುವ ಮೊಬೈಲ್ ಬ್ಯಾಟರಿಗಳಿಗೆ ಭಾರತೀಯ ಮಾನಕ ಬ್ಯೂರೊ, ಅಂದರೆ ಬಿಐಎಸ್‌ನ ನೋಂದಣಿ ಕಡ್ಡಾಯ. ಲೇಬಲ್ಲಿನ ಮೇಲೆ ಐಎಸ್ 16046 ಎಂಬ ಮಾನಕ ಸಂಖ್ಯೆಯೂ ಆರ್ ಅಕ್ಷರದಿಂದ ಆರಂಭವಾಗುವ ನೋಂದಣಿ ಸಂಖ್ಯೆಯೂ ಇರಬೇಕು. ಆ ನೋಂದಣಿ ಸಂಖ್ಯೆಯನ್ನು ಬಿಐಎಸ್‌ನ ಆ್ಯಪ್‌ನಲ್ಲಿ ಹಾಕಿ ತಯಾರಕರ ಹೆಸರು ತಾಳೆಯಾಗುತ್ತದೆಯೇ ಎಂದು ನೋಡಬಹುದು. ಹಿಂಭಾಗದ ಮುಚ್ಚಳ ಎದ್ದಿದ್ದರೆ ಅಥವಾ ಪರದೆ ಒಂದು ಬದಿಯಲ್ಲಿ ಮೇಲೆ ಬಂದಿದ್ದರೆ ಬ್ಯಾಟರಿ ಉಬ್ಬಿದೆ ಎಂದರ್ಥ. ಆಗ ಯಾವ ಪ್ರಯೋಗವನ್ನೂ ಮಾಡದೆ, ಚಾರ್ಜಿಗೂ ಹಾಕದೆ, ಮುಚ್ಚಳವನ್ನು ಒತ್ತಿ ಕೂರಿಸಲು ಹೋಗದೆ ಫೋನನ್ನು ಆಫ್ ಮಾಡಿ ಅಂಗಡಿಗೆ ಒಯ್ಯಬೇಕು. ಉಬ್ಬಿದ ಬ್ಯಾಟರಿಗೆ ತೂತು ಬಿದ್ದರೆ ಬೆಂಕಿ ಹತ್ತಿಕೊಳ್ಳುವ ಸಾಧ್ಯತೆಯಿದೆ. ತೆಗೆದ ಹಳೆಯ ಬ್ಯಾಟರಿಯನ್ನು ಮನೆಯ ಕಸದ ಬುಟ್ಟಿಗೆ ಹಾಕದೆ ಅಂಗಡಿಯಲ್ಲೋ ಇ-ತ್ಯಾಜ್ಯ ಸಂಗ್ರಹಿಸುವವರಲ್ಲೋ ಕೊಡಬೇಕು.